ದುಬೈಯಿಂದ ಊರಿಗೆ ಹಣ: ದರ, ಶುಲ್ಕ ಎರಡನ್ನೂ ಕೂಡಿಸಿ ನಿಜವಾದ ಖರ್ಚು ಲೆಕ್ಕ ಹಾಕುವ ಬಗೆ

ಗಲ್ಫ್‌ನಲ್ಲಿ ದುಡಿಯುವ ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ: ಎಕ್ಸ್‌ಚೇಂಜ್‌ನಲ್ಲಿ ದರ ಚೆನ್ನಾಗಿದೆ, ಆದರೆ ಪ್ರತಿ ಸಲ ಇಪ್ಪತ್ತು ಚಿಲ್ಲರೆ ದಿರ್ಹಮ್ ಶುಲ್ಕ ಹಿಡಿಯುತ್ತಾರೆ, ಬ್ಯಾಂಕಿನ ಆ್ಯಪ್‌ನಲ್ಲಿ ಶುಲ್ಕವೇ ಇಲ್ಲ, ಆದರೆ ದರ ಸ್ವಲ್ಪ ಕಡಿಮೆ, ಎರಡರಲ್ಲಿ ಯಾವುದು ಲಾಭ? ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ನೀವು ಒಂದು ಸಲಕ್ಕೆ ಎಷ್ಟು ಕಳುಹಿಸುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಒಂದೇ ಕೋಣೆಯಲ್ಲಿ ವಾಸಿಸುವ ಇಬ್ಬರಲ್ಲಿ ಒಬ್ಬರಿಗೆ ಎಕ್ಸ್‌ಚೇಂಜ್ ಅಗ್ಗವಾಗಿ, ಇನ್ನೊಬ್ಬರಿಗೆ ಆ್ಯಪ್ ಅಗ್ಗವಾಗಿ ಇರಬಹುದು, ಮತ್ತು ಇಬ್ಬರ ಮಾತೂ ಸರಿಯಾಗಿರಬಹುದು. ಆದ್ದರಿಂದ ಇಲ್ಲಿ ಯಾವ ಸಂಸ್ಥೆಯನ್ನೂ ಶಿಫಾರಸು ಮಾಡದೆ, ನಿಮ್ಮ ಮೊತ್ತಕ್ಕೆ ನೀವೇ ಲೆಕ್ಕ ಹಾಕಿಕೊಳ್ಳುವ ಕ್ರಮವನ್ನು ಹಂತ ಹಂತವಾಗಿ ವಿವರಿಸುತ್ತೇನೆ.

ಸಂಯುಕ್ತ ಅರಬ್ ಸಂಸ್ಥಾನದಿಂದ, ಅಂದರೆ ದುಬೈ, ಶಾರ್ಜಾ, ಅಬುಧಾಬಿ ಕಡೆಯಿಂದ ಕರಾವಳಿ ಕರ್ನಾಟಕದ ಮನೆಯ ಖಾತೆಗೆ ಹಣ ಹಾಕುವ ಸಂದರ್ಭವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕೆಳಗೆ ಬರುವ ದರ ಮತ್ತು ಶುಲ್ಕಗಳು ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡವು, ಇಂದಿನ ದರಗಳಲ್ಲ. ಕ್ರಮವನ್ನು ಮಾತ್ರ ಹಿಡಿದುಕೊಂಡು, ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

ಬೇಕಾಗುವುದು ಇಷ್ಟೇ: ಕ್ಯಾಲ್ಕ್ಯುಲೇಟರ್ ಇರುವ ಒಂದು ಮೊಬೈಲ್, ಕಳೆದ ಎರಡು ಮೂರು ಸಲ ಹಣ ಕಳುಹಿಸಿದ ರಶೀದಿಗಳು, ಮತ್ತು ಅದೇ ಹಣ ಜಮೆಯಾದ ಪಾಸ್‌ಬುಕ್ ಪುಟದ ಒಂದು ಫೋಟೊ. ಆ ಫೋಟೊವನ್ನು ಮನೆಯವರಿಂದ ಇಂದೇ ತರಿಸಿಕೊಳ್ಳಿ, ಐದನೆಯ ಹಂತದಲ್ಲಿ ಅದು ಬೇಕಾಗುತ್ತದೆ.

ಹಂತ 1: ಅಳತೆಗೋಲನ್ನು ಗೊತ್ತುಮಾಡಿಕೊಳ್ಳಿ

ಯಾವ ದರ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳಬೇಕಾದರೆ ಮೊದಲು ಒಂದು ಅಳತೆಗೋಲು ಬೇಕು. ಅದಕ್ಕೆ ಮಧ್ಯ ದರ ಎನ್ನುತ್ತಾರೆ. ದೊಡ್ಡ ಬ್ಯಾಂಕುಗಳು ಪರಸ್ಪರ ಕರೆನ್ಸಿಯನ್ನು ಕೊಳ್ಳುವ ಬೆಲೆ ಮತ್ತು ಮಾರುವ ಬೆಲೆ, ಇವೆರಡರ ನಡುವಿನ ಬಿಂದುವೇ ಮಧ್ಯ ದರ. ನಿಮಗಾಗಲಿ ನನಗಾಗಲಿ ಈ ದರದಲ್ಲಿ ಹಣ ಕಳುಹಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಆದರೆ ನಮಗೆ ಕೊಟ್ಟ ದರ ಇದಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟೂ ಮಧ್ಯವರ್ತಿ ಸಂಸ್ಥೆಗಳ ಪಾಲು. ಅದೇ ದರದ ಅಂತರ, ಎಕ್ಸ್‌ಚೇಂಜ್‌ನವರ ಮಾತಿನಲ್ಲಿ ಮಾರ್ಜಿನ್. ರಶೀದಿಯಲ್ಲಿ ಶುಲ್ಕಕ್ಕೆ ಒಂದು ಸಾಲು ಇರುತ್ತದೆ, ವ್ಯಾಟ್‌ಗೆ ಒಂದು ಸಾಲು ಇರುತ್ತದೆ. ಈ ಅಂತರಕ್ಕೆ ಮಾತ್ರ ಯಾವ ಸಾಲೂ ಇರುವುದಿಲ್ಲ. ಜನ ಲೆಕ್ಕ ತಪ್ಪುವುದು ಇಲ್ಲಿಯೇ.

ಎಮಿರೇಟ್ಸ್‌ನಲ್ಲಿರುವವರಿಗೆ ಮಧ್ಯ ದರ ಕಂಡುಹಿಡಿಯುವುದು ಬಹಳ ಸುಲಭ. 1997ರಿಂದ ಒಂದು ಅಮೆರಿಕನ್ ಡಾಲರಿಗೆ 3.6725 ದಿರ್ಹಮ್ ಎಂದು ದಿರ್ಹಮನ್ನು ಡಾಲರಿಗೆ ಕಟ್ಟಿಹಾಕಲಾಗಿದೆ. ಹಾಗಾಗಿ ದಿರ್ಹಮಿಗೆ ರೂಪಾಯಿ ಎದುರು ತನ್ನದೇ ಆದ ಏರಿಳಿತವಿಲ್ಲ, ಡಾಲರ್ ಎದುರು ರೂಪಾಯಿ ಏರಿಳಿದಂತೆ ಅದೂ ಏರಿಳಿಯುತ್ತದೆ. ಆ ಹೊತ್ತಿನ ಡಾಲರ್ ದರವನ್ನು 3.6725ರಿಂದ ಭಾಗಿಸಿದರೆ ದಿರ್ಹಮಿನ ಮಧ್ಯ ದರ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಡಾಲರ್ 88.14 ರೂಪಾಯಿ ಎಂದುಕೊಳ್ಳೋಣ. ಆಗ ದಿರ್ಹಮಿನ ಮಧ್ಯ ದರ 24.00 ರೂಪಾಯಿ. ಗೂಗಲ್‌ನಲ್ಲಿ `1 AED to INR` ಎಂದು ಹುಡುಕಿದರೂ ಇದಕ್ಕೆ ಹತ್ತಿರದ ಅಂಕಿಯೇ ಕಾಣಬೇಕು; ಎರಡರಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಒಂದು ಹಳೆಯ ದರ ಎಂದು ತಿಳಿಯಿರಿ.

ಇಲ್ಲೊಂದು ಎಚ್ಚರಿಕೆ ಬೇಕು. ಶನಿವಾರ, ಭಾನುವಾರ ಕರೆನ್ಸಿ ಮಾರುಕಟ್ಟೆ ಮುಚ್ಚಿರುತ್ತದೆ, ಮೊಬೈಲಿನಲ್ಲಿ ಕಾಣುವುದು ಶುಕ್ರವಾರದ ಕೊನೆಯ ದರ. ಸೋಮವಾರ ಮಾರುಕಟ್ಟೆ ಯಾವ ದರದಲ್ಲಿ ತೆರೆಯುವುದೋ ತಿಳಿಯದ ಕಾರಣ, ಹಣ ಕಳುಹಿಸುವ ಸಂಸ್ಥೆಗಳು ತಮ್ಮ ಭದ್ರತೆಗೆ ವಾರಾಂತ್ಯದಲ್ಲಿ ಅಂತರವನ್ನು ಸ್ವಲ್ಪ ಹಿಗ್ಗಿಸಿಕೊಳ್ಳುವುದುಂಟು. ಆದ್ದರಿಂದ ಹೋಲಿಕೆಯನ್ನು ಸೋಮವಾರದಿಂದ ಶುಕ್ರವಾರದೊಳಗೆ, ಭಾರತದ ಮಾರುಕಟ್ಟೆ ನಡೆಯುವ ಹೊತ್ತಿನಲ್ಲಿ ಮಾಡಿ. ಭಾರತದ ಬೆಳಿಗ್ಗೆ 9ರಿಂದ ಮಧ್ಯಾಹ್ನ 3.30ರ ಅವಧಿ ನಿಮ್ಮಲ್ಲಿ ಬೆಳಿಗ್ಗೆ 7.30ರಿಂದ ಮಧ್ಯಾಹ್ನ 2ರವರೆಗೆ ಆಗುತ್ತದೆ.

ಹಂತ 2: ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿ

ಕೌಂಟರಿನಲ್ಲಿ "ಇವತ್ತು ರೇಟು ಎಷ್ಟು?" ಎಂದು ಕೇಳಿದರೆ ದರ ಹೇಳುತ್ತಾರೆ, "ಚಾರ್ಜ್ ಎಷ್ಟು?" ಎಂದರೆ ಶುಲ್ಕ ಹೇಳುತ್ತಾರೆ. ಎರಡೂ ಅರ್ಧ ಉತ್ತರಗಳೇ. ಕೇಳಬೇಕಾದ್ದು ಹೀಗೆ: "ನನ್ನ ಕೈಯಿಂದ ಒಟ್ಟು 2,000 ದಿರ್ಹಮ್ ಕೊಡುತ್ತೇನೆ, ಶುಲ್ಕ, ವ್ಯಾಟ್ ಎಲ್ಲ ಅದರಲ್ಲೇ ಹಿಡಿದುಕೊಳ್ಳಿ. ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?" ಆ್ಯಪ್‌ನಲ್ಲಾದರೆ ಕೊನೆಯ ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಬರುವ ಪುಟದಲ್ಲಿ ಒಟ್ಟು ಕಡಿತ ಮತ್ತು ಸೇರುವ ರೂಪಾಯಿ ಎರಡೂ ಕಾಣುತ್ತವೆ. ಅದರ ಸ್ಕ್ರೀನ್‌ಶಾಟ್ ತೆಗೆದುಕೊಂಡು ಹಿಂದಕ್ಕೆ ಬನ್ನಿ.

ಮೂರು ವಿಚಾರಗಳು ಈ ಹಂತದಲ್ಲಿ ದಾರಿ ತಪ್ಪಿಸುತ್ತವೆ.

ಮೊದಲನೆಯದು ಫಲಕ. ಎಕ್ಸ್‌ಚೇಂಜ್‌ನ ಗೋಡೆಯ ಮೇಲಿನ ಫಲಕದಲ್ಲಿ ನೋಟು ಬದಲಾಯಿಸುವ ದರ, ಹಣ ಕಳುಹಿಸುವ ದರ ಎರಡೂ ಇರಬಹುದು, ಮತ್ತು ಅವು ಬೇರೆ ಬೇರೆ. ನಿಮಗೆ ಸಂಬಂಧಿಸಿದ್ದು ಎರಡನೆಯದು ಮಾತ್ರ. ಅದರಲ್ಲಿಯೂ ಖಾತೆಗೆ ಜಮೆ ಮಾಡುವ ದರ ಒಂದಾದರೆ, ಊರಿನಲ್ಲಿ ನಗದಾಗಿ ಪಡೆಯುವ ಸೇವೆಯ ದರ ಇನ್ನೊಂದಾಗಿರಬಹುದು.

ಎರಡನೆಯದು ತಿರುಗಿಸಿ ಬರೆದ ದರ. ಕೆಲವು ಕಡೆ ಒಂದು ದಿರ್ಹಮಿಗೆ 23.88 ರೂಪಾಯಿ ಎಂದು ಬರೆಯುವುದಿಲ್ಲ. ಒಂದು ರೂಪಾಯಿಗೆ 0.04188 ದಿರ್ಹಮ್ ಎಂದೋ, ಸಾವಿರ ರೂಪಾಯಿಗೆ 41.88 ದಿರ್ಹಮ್ ಎಂದೋ ಬರೆದಿರುತ್ತಾರೆ. ಹೀಗೆ ಬರೆದಾಗ ಸಣ್ಣ ಅಂಕಿಯೇ ನಿಮಗೆ ಲಾಭದ ದರ, ಇದನ್ನು ಮರೆಯಬಾರದು. ಒಂದು ರೂಪಾಯಿಯ ಲೆಕ್ಕವಾದರೆ ಒಂದನ್ನು, ಸಾವಿರದ ಲೆಕ್ಕವಾದರೆ ಸಾವಿರವನ್ನು ಆ ಅಂಕಿಯಿಂದ ಭಾಗಿಸಿದರೆ ನಮಗೆ ರೂಢಿಯಾದ ದರ ಬರುತ್ತದೆ. ದಶಮಾಂಶದ ಐದೂ ಸ್ಥಾನಗಳನ್ನು ಓದಿ: 0.0418 ಎಂದರೆ 23.92 ರೂಪಾಯಿ, 0.0419 ಎಂದರೆ 23.87 ರೂಪಾಯಿ. ನಾಲ್ಕನೆಯ ಸ್ಥಾನದ ಆ ಒಂದು ಅಂಕಿ ಎರಡು ಸಾವಿರ ದಿರ್ಹಮಿನಲ್ಲಿ ನೂರು ರೂಪಾಯಿಗಿಂತ ಹೆಚ್ಚಿನ ವ್ಯತ್ಯಾಸ ಮಾಡುತ್ತದೆ.

ಮೂರನೆಯದು ಮೊದಲ ಸಲದ ಕೊಡುಗೆ. ಹೊಸದಾಗಿ ಆ್ಯಪ್ ಹಾಕಿಕೊಂಡವರಿಗೆ ಮೊದಲ ಒಂದು ಎರಡು ಸಲ ಉತ್ತಮ ದರ ಕೊಟ್ಟು, ಆಮೇಲೆ ಮಾಮೂಲಿ ದರಕ್ಕೆ ಇಳಿಸುವುದು ಸಾಮಾನ್ಯ. ಕೊಡುಗೆಯನ್ನು ಬಳಸಿಕೊಳ್ಳಿ, ತಪ್ಪೇನಿಲ್ಲ. ಆದರೆ ಹೋಲಿಕೆಯ ಪಟ್ಟಿಯಲ್ಲಿ ಆ ದರವನ್ನು ಬರೆಯಬೇಡಿ. ಮೂರನೆಯ ಸಲ ಸಿಗುವ ದರವೇ ಆ ಆ್ಯಪ್‌ನ ನಿಜವಾದ ದರ.

ಹಂತ 3: ಎರಡನ್ನೂ ಒಂದೇ ಅಂಕಿಗೆ ಇಳಿಸಿ

ಶುಲ್ಕ ದಿರ್ಹಮಿನಲ್ಲಿದೆ, ದರದ ಅಂತರ ಪೈಸೆಯಲ್ಲಿದೆ. ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ, ಒಂದೇ ಅಂಕಿಗೆ ಇಳಿಸಬೇಕು. ಆ ಅಂಕಿಯನ್ನು ನಾನು "ಕೈಗೆ ಬಿದ್ದ ದರ" ಎಂದು ಕರೆಯುತ್ತೇನೆ.

```
ಕೈಗೆ ಬಿದ್ದ ದರ = ಖಾತೆಗೆ ಸೇರಿದ ರೂಪಾಯಿ ÷ ಕೈಯಿಂದ ಹೋದ ಒಟ್ಟು ದಿರ್ಹಮ್
ಖರ್ಚು (ಶೇಕಡಾ) = (ಮಧ್ಯ ದರ − ಕೈಗೆ ಬಿದ್ದ ದರ) ÷ ಮಧ್ಯ ದರ × 100
```

ಈಗ ಒಂದು ಉದಾಹರಣೆಯನ್ನು ಪೂರ್ತಿ ಮಾಡಿ ನೋಡೋಣ. ದೇರಾದಲ್ಲಿ ಕೆಲಸ ಮಾಡುವ ಒಬ್ಬರು ಕುಂದಾಪುರದಲ್ಲಿರುವ ತಾಯಿಯ ಖಾತೆಗೆ ತಿಂಗಳಿಗೆ 2,000 ದಿರ್ಹಮ್ ಕಳುಹಿಸುತ್ತಾರೆ. ಎಕ್ಸ್‌ಚೇಂಜ್‌ನಲ್ಲಿ ದರ 23.88, ಶುಲ್ಕ 22 ದಿರ್ಹಮ್. ಎಮಿರೇಟ್ಸ್‌ನಲ್ಲಿ 2018ರ ಜನವರಿಯಿಂದ ಇಂಥ ಶುಲ್ಕದ ಮೇಲೆ ಶೇಕಡಾ 5 ವ್ಯಾಟ್ ಇರುವುದರಿಂದ ಇನ್ನೂ 1.10 ಸೇರಿ ಒಟ್ಟು 23.10 ಆಗುತ್ತದೆ. ಉಳಿದ 1,976.90 ದಿರ್ಹಮನ್ನು 23.88ರಿಂದ ಗುಣಿಸಿದರೆ ತಾಯಿಯ ಖಾತೆಗೆ 47,208 ರೂಪಾಯಿ. ಬ್ಯಾಂಕಿನ ಆ್ಯಪ್‌ನಲ್ಲಿ ಶುಲ್ಕವಿಲ್ಲ, ದರ 23.70. ಅಲ್ಲಿ 2,000 ದಿರ್ಹಮಿಗೆ ನೇರವಾಗಿ 47,400 ರೂಪಾಯಿ.

ಮಧ್ಯ ದರದಲ್ಲಿ ಆ ಹಣದ ಬೆಲೆ 48,000 ರೂಪಾಯಿ. ಎಕ್ಸ್‌ಚೇಂಜ್‌ನ ದಾರಿಯಲ್ಲಿ ಕೈಗೆ ಬಿದ್ದ ದರ 23.60, ದಾರಿಯಲ್ಲೇ ಕರಗಿದ್ದು 792 ರೂಪಾಯಿ, ಅಂದರೆ ಶೇಕಡಾ 1.65. ಆ್ಯಪ್‌ನಲ್ಲಿ ಕೈಗೆ ಬಿದ್ದ ದರ 23.70, ಕರಗಿದ್ದು 600 ರೂಪಾಯಿ, ಶೇಕಡಾ 1.25. ಫಲಕದ ದರ ನೋಡಿದವರಿಗೆ ಎಕ್ಸ್‌ಚೇಂಜ್ ಮುಂದಿದೆ ಎನಿಸಿತ್ತು; 2,000 ದಿರ್ಹಮಿನ ಮಟ್ಟದಲ್ಲಿ ತಾಯಿಗೆ ಹೆಚ್ಚು ಹಣ ಮುಟ್ಟಿಸಿದ್ದು ಆ್ಯಪ್. ಜೊತೆಗೆ, "ಶುಲ್ಕವಿಲ್ಲ" ಎಂಬ ಆ್ಯಪ್ ಕೂಡ 600 ರೂಪಾಯಿ ತೆಗೆದುಕೊಂಡಿದೆ ಎಂಬುದನ್ನು ಗಮನಿಸಿ. ಅದನ್ನು ಬೇರೆ ಸಾಲಿನಲ್ಲಿ ತೋರಿಸದೆ ದರದೊಳಗೇ ತೆಗೆದುಕೊಂಡಿದೆ, ಅಷ್ಟೇ.

ಕೈಯಿಂದ ಹೋದ ದಿರ್ಹಮ್ ಎಂದಾಗ ಎಲ್ಲವನ್ನೂ ಸೇರಿಸಿ. ಸೋನಾಪುರದ ಕ್ಯಾಂಪಿನಲ್ಲಿ ಇರುವವರು ಸಂಬಳದ ಕಾರ್ಡಿನಿಂದ ಬೇರೆ ಬ್ಯಾಂಕಿನ ಎಟಿಎಂನಲ್ಲಿ ಹಣ ತೆಗೆದರೆ ಅದಕ್ಕೊಂದು ಶುಲ್ಕ, ಎಕ್ಸ್‌ಚೇಂಜ್‌ವರೆಗೆ ಹೋಗಿ ಬರುವ ಬಸ್ಸಿಗೊಂದು ಖರ್ಚು ಇರುತ್ತದೆ. ಕ್ರೆಡಿಟ್ ಕಾರ್ಡಿನಿಂದ ಹಣ ಕಳುಹಿಸಿದರೆ ಅನೇಕ ಬ್ಯಾಂಕುಗಳು ಅದನ್ನು ನಗದು ಸಾಲವೆಂದು ಪರಿಗಣಿಸಿ, ಬೇರೆ ಶುಲ್ಕದ ಜೊತೆಗೆ ಅಂದಿನಿಂದಲೇ ಬಡ್ಡಿ ಹಾಕುತ್ತವೆ. ಈ ಖರ್ಚಿನ ಮುಂದೆ ದರದ ಅಂತರ ಏನೇನೂ ಅಲ್ಲ.

ಹಂತ 4: ನಿಮ್ಮ ತಿರುವಿನ ಮೊತ್ತ ಕಂಡುಹಿಡಿಯಿರಿ

ಶುಲ್ಕ ಒಂದು ಸಲಕ್ಕೆ ಇಷ್ಟು ಎಂದು ನಿಂತಿರುತ್ತದೆ, ದರದ ಅಂತರ ಮಾತ್ರ ಮೊತ್ತದ ಜೊತೆಗೆ ಬೆಳೆಯುತ್ತದೆ. ಈ ಲೇಖನದಲ್ಲಿ ನೆನಪಿಡಬೇಕಾದ ಮುಖ್ಯ ವಿಷಯ ಇದೇ. ಅದೇ ದರ, ಅದೇ ಶುಲ್ಕ ಇಟ್ಟುಕೊಂಡು ಮೊತ್ತ ಮಾತ್ರ ಬದಲಿಸಿ ನೋಡಿ.

ತುರ್ತಿಗೆಂದು 500 ದಿರ್ಹಮ್ ಕಳುಹಿಸಿದರೆ ಎಕ್ಸ್‌ಚೇಂಜ್‌ನಿಂದ ಸೇರುವುದು 11,388 ರೂಪಾಯಿ, ಆ್ಯಪ್‌ನಿಂದ 11,850. ಎಕ್ಸ್‌ಚೇಂಜ್‌ನ ಖರ್ಚು ಶೇಕಡಾ 5ನ್ನು ದಾಟಿತು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳು ಇಂಥ ಖರ್ಚನ್ನು 2030ರೊಳಗೆ ಶೇಕಡಾ 3ಕ್ಕಿಂತ ಕೆಳಗೆ ತರಬೇಕೆಂದು ಹೇಳುತ್ತವೆ. ಸಣ್ಣ ಮೊತ್ತಕ್ಕೆ ನಿಂತ ಶುಲ್ಕ ಎಷ್ಟು ಭಾರ ಎಂಬುದು ಆ ಅಂಕಿಯ ಪಕ್ಕದಲ್ಲಿ ಇಟ್ಟಾಗ ತಿಳಿಯುತ್ತದೆ. ಅದೇ ಮನುಷ್ಯ ಮನೆಯ ತಾರಸಿ ಕೆಲಸಕ್ಕೆಂದು 6,000 ದಿರ್ಹಮ್ ಕಳುಹಿಸಿದರೆ ಎಕ್ಸ್‌ಚೇಂಜ್‌ನಿಂದ 1,42,728 ರೂಪಾಯಿ, ಆ್ಯಪ್‌ನಿಂದ 1,42,200. ಈಗ ಎಕ್ಸ್‌ಚೇಂಜ್ 528 ರೂಪಾಯಿ ಮುಂದೆ.

ಹಾಗಾದರೆ ಲೆಕ್ಕ ತಿರುಗುವುದು ಎಲ್ಲಿ? ಅದಕ್ಕೆ ಒಂದು ಸುಲಭ ಸೂತ್ರವಿದೆ.

```
ತಿರುವಿನ ಮೊತ್ತ = ಶುಲ್ಕ (ವ್ಯಾಟ್ ಸೇರಿ) × ಶುಲ್ಕವಿರುವ ಕಡೆಯ ದರ ÷ ಎರಡು ದರಗಳ ವ್ಯತ್ಯಾಸ
23.10 × 23.88 ÷ 0.18 = 3,065 ದಿರ್ಹಮ್ (ಸುಮಾರು)
```

ನಮ್ಮ ಉದಾಹರಣೆಯಲ್ಲಿ 3,065 ದಿರ್ಹಮಿಗಿಂತ ಕಡಿಮೆಯಾದರೆ ಆ್ಯಪ್, ಹೆಚ್ಚಾದರೆ ಎಕ್ಸ್‌ಚೇಂಜ್. ಈ ಒಂದು ಅಂಕಿಯನ್ನು ಬರೆದಿಟ್ಟುಕೊಂಡರೆ ಪ್ರತಿ ತಿಂಗಳೂ ಪೂರ್ತಿ ಲೆಕ್ಕ ಹಾಕಬೇಕಾಗಿಲ್ಲ. ಶುಲ್ಕ ಬದಲಾದಾಗ, ಅಥವಾ ಎರಡು ದರಗಳ ವ್ಯತ್ಯಾಸ ಬಹಳ ಬದಲಾದಾಗ ಮಾತ್ರ ಮತ್ತೆ ಕಂಡುಹಿಡಿದರೆ ಸಾಕು.

ತಿಂಗಳಿಗೆ ನಾಲ್ಕು ಸಲ 500ರಂತೆ ಎಕ್ಸ್‌ಚೇಂಜ್‌ನಿಂದ ಕಳುಹಿಸುವ ಅಭ್ಯಾಸವಿರುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಾಲ್ಕು ಶುಲ್ಕ ಸೇರಿ 92.40 ದಿರ್ಹಮ್, ಅಂದರೆ ವರ್ಷಕ್ಕೆ 1,108.80 ದಿರ್ಹಮ್ ಆಯಿತು. ಮನೆಯವರೊಂದಿಗೆ ಮಾತನಾಡಿ ತಿಂಗಳಿಗೆ ಒಂದೇ ಸಲ ಕಳುಹಿಸುವಂತೆ ಮಾಡಿಕೊಂಡರೆ ಇದರಲ್ಲಿ ಮುಕ್ಕಾಲು ಪಾಲು ಉಳಿಯುತ್ತದೆ, ಇದಕ್ಕೆ ಯಾವ ಆ್ಯಪ್ ಕೂಡ ಬೇಡ. ಮನೆಯಲ್ಲಿ ವಾರಕ್ಕೊಮ್ಮೆ ಹಣ ಬರುವುದೇ ಅನುಕೂಲ ಎಂದಾದರೆ ಆಗ ಶುಲ್ಕವಿಲ್ಲದ ದಾರಿಯನ್ನೇ ಹಿಡಿಯಿರಿ.

ಇದೇ ಲೆಕ್ಕದ ನಡುವೆ, ಅಧಿಕೃತ ಸಂಸ್ಥೆಯಿಲ್ಲದೆ ಖಾಸಗಿಯಾಗಿ ಹಣ ಮುಟ್ಟಿಸುವ ಹುಂಡಿಯ ಪ್ರಶ್ನೆಯೂ ಬರುತ್ತದೆ, ಏಕೆಂದರೆ ಹುಂಡಿಯವರು ಹೇಳುವ ದರ ಕೆಲವೊಮ್ಮೆ ಮಧ್ಯ ದರಕ್ಕಿಂತಲೂ ಮೇಲಿರುತ್ತದೆ. ಅದನ್ನು ಪಟ್ಟಿಗೆ ಸೇರಿಸಲೇಬೇಡಿ. ಭಾರತದ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾ, ಅಧಿಕೃತ ಸಂಸ್ಥೆಯ ಮೂಲಕವಲ್ಲದೆ ಹೀಗೆ ಹಣ ಪಡೆಯುವುದನ್ನು ನಿಷೇಧಿಸುತ್ತದೆ, ದಂಡ ಆ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಇನ್ನೊಂದು ಅಪಾಯ ನೇರವಾಗಿ ಮನೆಯವರಿಗೇ ತಟ್ಟುತ್ತದೆ: ಹುಂಡಿಯ ರೂಪಾಯಿ ತಾಯಿಯ ಖಾತೆಗೆ ಬರುವುದು ಯಾರೋ ಅಪರಿಚಿತರ ಖಾತೆಯಿಂದ. ಆ ಖಾತೆ ಸೈಬರ್ ವಂಚನೆಯ ದೂರಿನಲ್ಲಿ ಸಿಕ್ಕಿಹಾಕಿಕೊಂಡರೆ ಹಣ ಸಾಗಿದ ದಾರಿ ಹಿಡಿದು ಪೊಲೀಸರು ತಾಯಿಯ ಖಾತೆಯನ್ನೂ ತಡೆಹಿಡಿಯಬಹುದು. ಆಗ ಅವರ ಕೈಯಲ್ಲಿ ತೋರಿಸಲು ಒಂದು ರಶೀದಿಯೂ ಇರುವುದಿಲ್ಲ.

ಹಂತ 5: ಹೊರಟದ್ದು ಮತ್ತು ಸೇರಿದ್ದು ಒಂದೇ ಆಗಿದೆಯೇ ನೋಡಿ

ಈಗ ಪಾಸ್‌ಬುಕ್ಕಿನ ಫೋಟೊ ತೆಗೆಯಿರಿ. ರಶೀದಿಯಲ್ಲಿ ಬರೆದ ರೂಪಾಯಿ ಮತ್ತು ಪಾಸ್‌ಬುಕ್ಕಿನಲ್ಲಿ ಜಮೆಯಾದ ರೂಪಾಯಿ ಒಂದೇ ಆಗಿರಬೇಕು. ಆಗಿಲ್ಲವಾದರೆ ಹಣ ಬಂದ ದಾರಿಯಲ್ಲೇ ಕಾರಣವಿದೆ.

ಗಲ್ಫ್‌ನ ಎಕ್ಸ್‌ಚೇಂಜ್‌ಗಳು ಸಾಮಾನ್ಯವಾಗಿ ಬಳಸುವುದು ರುಪೀ ಡ್ರಾಯಿಂಗ್ ಅರೇಂಜ್‌ಮೆಂಟ್ ಎಂಬ ವ್ಯವಸ್ಥೆಯನ್ನು. ರಿಸರ್ವ್ ಬ್ಯಾಂಕಿನ ನಿಯಮದಡಿ ಎಕ್ಸ್‌ಚೇಂಜ್ ಭಾರತದ ಒಂದು ಬ್ಯಾಂಕಿನಲ್ಲಿ ರೂಪಾಯಿ ಖಾತೆ ಇಟ್ಟಿರುತ್ತದೆ. ನೀವು ದಿರ್ಹಮ್ ಕೊಟ್ಟ ಮೇಲೆ ಆ ಖಾತೆಯಿಂದ ಮನೆಯವರಿಗೆ ರೂಪಾಯಿಯೇ ಹೋಗುತ್ತದೆ. ಕರೆನ್ಸಿ ಬದಲಾವಣೆ ನಿಮ್ಮ ಕಣ್ಣೆದುರು, ಕೌಂಟರಿನಲ್ಲೇ ಮುಗಿದಿರುವುದರಿಂದ ರಶೀದಿಯ ಅಂಕಿಯೇ ಪಾಸ್‌ಬುಕ್ಕಿನ ಅಂಕಿ.

ಬ್ಯಾಂಕಿನಿಂದ ಡಾಲರ್ ರೂಪದಲ್ಲಿ ಸ್ವಿಫ್ಟ್ ಮೂಲಕ ಕಳುಹಿಸಿದಾಗ ಹಾಗಲ್ಲ. ಸ್ವಿಫ್ಟ್ ಎಂದರೆ ಬ್ಯಾಂಕುಗಳು ದೇಶದಿಂದ ದೇಶಕ್ಕೆ ಪಾವತಿಯ ಸಂದೇಶ ಕಳುಹಿಸುವ ಜಾಲ. ಇಲ್ಲಿ ನಾಲ್ಕು ಕಡೆ ಹಣ ಸೋರುತ್ತದೆ. ಒಂದು ಉದಾಹರಣೆ ನೋಡಿ: 6,000 ದಿರ್ಹಮಿನಲ್ಲಿ ಬ್ಯಾಂಕು ವ್ಯಾಟ್ ಸೇರಿ 52.50 ಶುಲ್ಕ ಹಿಡಿದು, ಉಳಿದದ್ದನ್ನು ಡಾಲರಿಗೆ 3.685 ದಿರ್ಹಮಿನಂತೆ ಬದಲಾಯಿಸುತ್ತದೆ. ಹೊರಡುವುದು 1,614 ಡಾಲರ್. ನಡುವಿನ ಬ್ಯಾಂಕು 15 ಡಾಲರ್ ಮುರಿದುಕೊಳ್ಳುತ್ತದೆ. ಊರಿನ ಬ್ಯಾಂಕು ತನ್ನ ಕೊಳ್ಳುವ ದರವಾದ 87.40ರಲ್ಲಿ ಉಳಿದದ್ದನ್ನು ರೂಪಾಯಿ ಮಾಡಿ, ಆ ಬದಲಾವಣೆಯ ಮೇಲೆ ಸುಮಾರು 216 ರೂಪಾಯಿ ಜಿಎಸ್‌ಟಿ ಹಿಡಿಯುತ್ತದೆ. ಸೇರುವುದು ಸುಮಾರು 1,39,535 ರೂಪಾಯಿ, ಖರ್ಚು ಶೇಕಡಾ 3.1. ಎಕ್ಸ್‌ಚೇಂಜ್‌ನ ದಾರಿಗಿಂತ ಮೂರು ಸಾವಿರಕ್ಕೂ ಹೆಚ್ಚು ಕಡಿಮೆ. ಆ ಜಿಎಸ್‌ಟಿ ಪೂರ್ತಿ ಮೊತ್ತದ ಮೇಲಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಬದಲಾದ ಮೊತ್ತದ ಒಂದು ಸಣ್ಣ ಅಂಶವನ್ನು ಸೇವೆಯ ಬೆಲೆ ಎಂದು ಹಿಡಿಯುತ್ತಾರೆ: ಮೊದಲ ಒಂದು ಲಕ್ಷಕ್ಕೆ ಶೇಕಡಾ 1, ಅದರ ಮೇಲೆ ಹತ್ತು ಲಕ್ಷದವರೆಗೆ ಶೇಕಡಾ 0.5. ಆ ಬೆಲೆಗೆ ಶೇಕಡಾ 18 ತೆರಿಗೆ.

ಸ್ವಿಫ್ಟ್ ಅರ್ಜಿಯಲ್ಲಿ `OUR`, `SHA`, `BEN` ಎಂಬ ಮೂರು ಆಯ್ಕೆಗಳು ಇರುತ್ತವೆ. `OUR` ಎಂದರೆ ದಾರಿಯ ಶುಲ್ಕವೆಲ್ಲ ಕಳುಹಿಸುವವರದು, `BEN` ಎಂದರೆ ಪಡೆಯುವವರದು, `SHA` ಎಂದರೆ ಹಂಚಿಕೆ. ಕೇವಲ `OUR` ಆರಿಸಿಕೊಂಡ ಮಾತ್ರಕ್ಕೆ ಊರಿನ ಬ್ಯಾಂಕಿನ ಕೊಳ್ಳುವ ದರ ಸುಧಾರಿಸುವುದಿಲ್ಲ, ಅಲ್ಲಿನ ಸೋರಿಕೆ ಹಾಗೆಯೇ ಉಳಿಯುತ್ತದೆ.

ಊರಿನಲ್ಲಿ ನಗದಾಗಿ ಪಡೆಯುವ ಸೇವೆಗೆ ಮಿತಿಗಳಿವೆ. ಮನಿ ಟ್ರಾನ್ಸ್‌ಫರ್ ಸರ್ವಿಸ್ ಸ್ಕೀಮ್ ಎಂಬ ಈ ವ್ಯವಸ್ಥೆಯಲ್ಲಿ ಒಂದು ಸಲಕ್ಕೆ 2,500 ಡಾಲರ್, ಒಬ್ಬ ವ್ಯಕ್ತಿಗೆ ವರ್ಷಕ್ಕೆ 30 ಸಲ ಎಂಬುದು ಗರಿಷ್ಠ. ನಗದಾಗಿ ಸಿಗುವುದು 50,000 ರೂಪಾಯಿವರೆಗೆ ಮಾತ್ರ. ಬ್ಯಾಂಕ್ ಖಾತೆ ಇರುವ ಮನೆಗೆ ಈ ದಾರಿಯ ಅಗತ್ಯ ಬೀಳುವುದು ಅಪರೂಪ.

ಹಣ ಸೇರದೆ ವಾಪಸ್ ಬಂದರೆ ಆಗುವ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮರಳಿ ಬಂದ ರೂಪಾಯಿಯನ್ನು ದಿರ್ಹಮ್ ಮಾಡುವಾಗ ಆ ದಿನದ ದರ ಹಿಡಿಯುತ್ತಾರೆ, ಅಲ್ಲಿ ಇನ್ನೊಂದು ಅಂತರ ಬೀಳುತ್ತದೆ. ಮತ್ತೆ ಕಳುಹಿಸುವಾಗ ಶುಲ್ಕವೂ ಮತ್ತೆ. ನಮ್ಮ ಕರಾವಳಿಯವರಿಗೆ ಇದರ ವಿಶೇಷ ಕಾರಣವೊಂದಿದೆ. ಇಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಶಾಖೆ ಅದೇ ಕಟ್ಟಡದಲ್ಲಿದೆ, ಮನೆಯಲ್ಲಿ ಇಂದಿಗೂ ಹಳೆಯ ಹೆಸರನ್ನೇ ಹೇಳುತ್ತಾರೆ, ಆದರೆ ಐಎಫ್‌ಎಸ್‌ಸಿ ಬದಲಾಗಿದೆ. ವರ್ಷಗಳ ಬಳಿಕ ಮತ್ತೆ ಹಣ ಕಳುಹಿಸುವಾಗ ಹಳೆಯ ರಶೀದಿ ನೋಡಿ `VIJB`, `SYNB` ಅಥವಾ `CORP` ಎಂದು ಶುರುವಾಗುವ ಸಂಕೇತ ಬರೆದು ತೊಂದರೆಗೆ ಸಿಲುಕಿದವರಿದ್ದಾರೆ. ಅದು ಈಗ ಕ್ರಮವಾಗಿ `BARB`, `CNRB`, `UBIN` ಎಂದು ಶುರುವಾಗಬೇಕು. ಹೊಸ ಪಾಸ್‌ಬುಕ್ಕಿನ ಮೊದಲ ಪುಟ ನೋಡಿಯೇ ಬರೆಯಿರಿ, ಹೆಸರನ್ನೂ ಅಲ್ಲಿ ಅಚ್ಚಾದಂತೆಯೇ ಕೊಡಿ.

ಹಂತ 6: ದರ ಏರಿದ್ದನ್ನೂ ಖರ್ಚು ಇಳಿದದ್ದನ್ನೂ ಬೇರೆ ಬೇರೆ ನೋಡಿ

"ಹೋದ ತಿಂಗಳು 23.70 ಸಿಕ್ಕಿತ್ತು, ಈ ತಿಂಗಳು 24.10 ಸಿಕ್ಕಿತು, ಹಾಗಾಗಿ ಈ ಎಕ್ಸ್‌ಚೇಂಜೇ ಒಳ್ಳೆಯದು" ಎಂಬ ಮಾತನ್ನು ನಾನು ದುಬೈಯಲ್ಲಿದ್ದ ವರ್ಷಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ, ನಾನೂ ಹಾಗೆಯೇ ನಂಬಿದ್ದೆ. ಹೋದ ತಿಂಗಳ ಮಧ್ಯ ದರ 23.80, ಈ ತಿಂಗಳದ್ದು 24.40 ಎಂದಾದರೆ ಏನಾಯಿತು? ಆಗ ಹತ್ತು ಪೈಸೆ ಇದ್ದ ಅಂತರ ಈಗ ಮೂವತ್ತು ಪೈಸೆಯಾಗಿದೆ. ರೂಪಾಯಿ ಕುಸಿದದ್ದರಿಂದ ನಿಮಗೆ ಹೆಚ್ಚು ಸಿಕ್ಕಿತೇ ಹೊರತು ಎಕ್ಸ್‌ಚೇಂಜ್‌ನ ಔದಾರ್ಯದಿಂದಲ್ಲ. ಆ ಎಕ್ಸ್‌ಚೇಂಜ್ ಮೂರು ಪಟ್ಟು ದುಬಾರಿಯಾಗಿದೆ. ರೂಪಾಯಿ ಬಿದ್ದ ಸುದ್ದಿ ಬಂದ ದಿನ ಎಕ್ಸ್‌ಚೇಂಜ್‌ಗಳ ಮುಂದೆ ಸಾಲು ಬೆಳೆಯುತ್ತದೆ, ಮತ್ತು ಅಂಥ ದಿನವೇ ಅಂತರವನ್ನು ಯಾರೂ ನೋಡುವುದಿಲ್ಲ.

ಆದ್ದರಿಂದ ಬೇರೆ ಬೇರೆ ದಿನಗಳ ದರವನ್ನು ಎಂದೂ ಹೋಲಿಸಬೇಡಿ. ಎರಡು ದಾರಿಗಳನ್ನು ಹೋಲಿಸುವುದಾದರೆ ಅದೇ ಹತ್ತು ಹದಿನೈದು ನಿಮಿಷದೊಳಗೆ ಹೋಲಿಸಿ. ಕೌಂಟರಿನ ಸಾಲಿನಲ್ಲಿ ನಿಂತಿರುವಾಗಲೇ ಆ್ಯಪ್ ತೆರೆದು ನೋಡಬಹುದು. ಒಂದೇ ದಾರಿಯನ್ನು ತಿಂಗಳಿಂದ ತಿಂಗಳಿಗೆ ಅಳೆಯುವುದಾದರೆ ಮಧ್ಯ ದರದಿಂದ ಅದು ಎಷ್ಟು ದೂರವಿದೆ ಎಂಬ ಶೇಕಡಾವಾರು ಖರ್ಚನ್ನು ಮಾತ್ರ ಅಳೆಯಿರಿ.

ದರ ಇನ್ನೂ ಏರಲಿ ಎಂದು ಕಾಯಬೇಕೇ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಊರಿನಲ್ಲಿ ತೀರಿಸಬೇಕಾದ ಸಾಲವಿದ್ದು ಅದರ ಮೇಲೆ ಬಡ್ಡಿ ಬೆಳೆಯುತ್ತಿದ್ದರೆ ಕಾಯುವುದಕ್ಕೂ ಬೆಲೆ ಇದೆ: ಎರಡು ಲಕ್ಷದ ಸಾಲಕ್ಕೆ ವರ್ಷಕ್ಕೆ ಶೇಕಡಾ 12 ಬಡ್ಡಿಯಾದರೆ ತಿಂಗಳಿಗೆ 2,000 ರೂಪಾಯಿ. ಆ ಎರಡು ಲಕ್ಷದ ಮೇಲೆ ಕಾಯುವಿಕೆ ಲಾಭ ತರಬೇಕಾದರೆ ದರ ಒಂದು ತಿಂಗಳಲ್ಲಿ ಶೇಕಡಾ 1ರಷ್ಟು, ಅಂದರೆ 24 ರೂಪಾಯಿಗೆ 24 ಪೈಸೆ ಏರಲೇಬೇಕು.

ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಆರು ಕಾಲಂ ಹಾಕಿಕೊಳ್ಳಿ: ದಿನಾಂಕ, ಮಧ್ಯ ದರ, ಕೈಯಿಂದ ಹೋದ ದಿರ್ಹಮ್, ಪಾಸ್‌ಬುಕ್ಕಿಗೆ ಬಂದ ರೂಪಾಯಿ, ಕೈಗೆ ಬಿದ್ದ ದರ, ಶೇಕಡಾ ಖರ್ಚು. ಕುಂದಾಪುರದ ಉದಾಹರಣೆಯ ಸಾಲು ಹೀಗೆ ಬರುತ್ತದೆ: 24.00, 2,000, 47,400, 23.70, 1.25. ಪ್ರತಿ ಸಲ ಬರೆಯಲು ಎರಡು ನಿಮಿಷ ಸಾಕು. ಕೊನೆಯ ಕಾಲಂನ ಅಂಕಿ ಎರಡು ತಿಂಗಳು ಸತತವಾಗಿ ಏರಿದರೆ ಎರಡನೆಯ ಹಂತಕ್ಕೆ ಮರಳಿ ಹೋಗಿ, ಮೂರು ಕಡೆ ಮತ್ತೆ ಅದೇ ಪ್ರಶ್ನೆ ಕೇಳಿ.